ಇಬ್ಬರು ಆಪರೇಟರುಗಳ ಸಹಜ ಸಂಭಾಷಣೆ

ನಮ್ಮ ಮೊದಲ ರೆಕಾರ್ಡಿಂಗ್ ವಾಪಸ್ ಬಂತು. ಕಾರಣ ಒಂದೇ ಸಾಲಿನಲ್ಲಿತ್ತು: ‘ಬರೆದುಕೊಂಡು ಓದಿದಂತಿದೆ. ಸಹಜ ಸಂಭಾಷಣೆ ಅಲ್ಲ.’

ಅದನ್ನು ಅಕ್ಕನಿಗೆ ಹೇಗೆ ಹೇಳುವುದು ಎಂದು ಬೆಳಗ್ಗೆಯೆಲ್ಲ ಯೋಚಿಸಿದೆ. ಅವಳು ನನ್ನ ಒಡಹುಟ್ಟಿದ ಅಕ್ಕನಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಾನು ಕೆಲಸಕ್ಕೆ ಸೇರಿದ ದಿನ ನನ್ನ ತಲೆಗೆ ಹೆಡ್‌ಸೆಟ್ ಹಾಕಿ, ಜಡೆ ಸಿಕ್ಕಿಕೊಳ್ಳದಂತೆ ಪಟ್ಟಿ ಸರಿಮಾಡಿ, ‘ಇನ್ನು ಇದು ನಿನ್ನ ಕಿವಿ ಕಣೇ ಹುಡುಗಿ’ ಎಂದವಳು. ದೂರದ ಊರುಗಳ ಕರೆ ಜೋಡಿಸುವ ಟ್ರಂಕ್ ಬೋರ್ಡಿನಲ್ಲಿ ಕೂರುತ್ತಿದ್ದದ್ದರಿಂದ ಎಲ್ಲರಿಗೂ ಅವಳು ಟ್ರಂಕ್ ಅಕ್ಕ. ಎಕ್ಸ್‌ಚೇಂಜ್ ಮುಚ್ಚಿ, ಆ ಕಟ್ಟಡದಲ್ಲಿ ಈಗ ಸೋಫಾ ಮಾರುತ್ತಾರೆ. ನಾವಿಬ್ಬರೂ ಪಿಂಚಣಿಯವರು. ನನಗೆ ಕೂದಲು ಬೆಳ್ಳಗಾದರೂ ಅವಳಿಗೆ ನಾನಿನ್ನೂ ಹುಡುಗಿಯೇ.

ಈ ಕೆಲಸಕ್ಕೆ ಅವಳನ್ನು ಕರೆತಂದವಳು ನಾನು. ಯಂತ್ರಗಳಿಗೆ ಕನ್ನಡದ ಮಾತು ಅರ್ಥವಾಗುವಂತೆ ಮಾಡಲು ಒಂದು ವಿಶ್ವವಿದ್ಯಾಲಯದ ಭಾಷಾ ಪ್ರಯೋಗಾಲಯ ಜನರ ಮಾತನ್ನು ಸಂಗ್ರಹಿಸುತ್ತಿತ್ತು. ಪರಿಚಯವಿರುವ ಇಬ್ಬರು ಅವರವರ ಮನೆಯಿಂದಲೇ ಒಂದು ಆ್ಯಪ್‌ನಲ್ಲಿ ಕರೆ ಮಾಡಿ, ಕೊಟ್ಟ ವಿಷಯದ ಮೇಲೆ ಸ್ವಲ್ಪ ಹೊತ್ತು ಹರಟಬೇಕು. ಇಬ್ಬರ ದನಿಯೂ ಬೇರೆ ಬೇರೆಯಾಗಿ ದಾಖಲಾಗುತ್ತದೆ. ಪರಿಶೀಲಕರು ಕೇಳಿ ಒಪ್ಪಿದರೆ ಸಂಭಾವನೆ.

ನನಗೆ ಯಾವುದನ್ನೂ ಸುಲಭಕ್ಕೆ ನಂಬುವ ಧೈರ್ಯವಿಲ್ಲ. ಸಂಜೆ ಕಾಲೇಜಿನಲ್ಲಿ ನಿದ್ದೆಗಣ್ಣಿನಲ್ಲಿ ಕಲಿತವಳು; ಎಲ್ಲೋ ಒಂದು ಪಾಠ ತಪ್ಪಿಸಿಕೊಂಡಿದ್ದೇನೆ ಎಂಬ ಅಳುಕು ಇಂದಿಗೂ ಹೋಗಿಲ್ಲ. ಹಾಗಾಗಿ ಒಪ್ಪಿಗೆ ಪತ್ರವನ್ನು ಮತ್ತೆ ಮತ್ತೆ ಓದಿದೆ. ದನಿಯನ್ನು ಯಾವುದಕ್ಕೆ ಬಳಸುತ್ತಾರೆ, ಯಾರ ಬಳಿ ಇಡುತ್ತಾರೆ, ಬೇಡವೆನಿಸಿದರೆ ಹೇಗೆ ಅಳಿಸಬಹುದು ಎಲ್ಲ ಕನ್ನಡದಲ್ಲೇ ಇತ್ತು. ನನಗೆ ಬಂದಿದ್ದ ಆಹ್ವಾನದ ಸಂದೇಶದಲ್ಲಿದ್ದ ನಂಬರಿಗೆ ಫೋನ್ ಮಾಡಲಿಲ್ಲ. ವಿಶ್ವವಿದ್ಯಾಲಯದ ಕಚೇರಿಯ ನಂಬರನ್ನು ಬೇರೆಯಾಗಿ ಹುಡುಕಿ, ಅಲ್ಲಿಂದ ಪ್ರಯೋಗಾಲಯಕ್ಕೆ ಜೋಡಿಸಿಕೊಂಡು ಮಾತಾಡಿದೆ. ಅಷ್ಟಾದ ಮೇಲೂ ಮನಸ್ಸಿನ ಮೂಲೆಯಲ್ಲಿ ಒಂದು ಮುಳ್ಳು ಉಳಿದೇ ಇತ್ತು.

ಮುಳ್ಳಿಗೆ ಕಾರಣ ಅಕ್ಕನ ಅಳಿಯ. ಅವಳ ತಮ್ಮನ ಮಗ, ವಿಮಾ ಕಚೇರಿಯಲ್ಲಿ ಕೆಲಸ. ಒಳ್ಳೆಯವನೇ. ಆದರೆ ಹಿಂದೊಮ್ಮೆ ಯಾವನೋ ಫೋನ್ ಮಾಡಿ ಅವಳಿಗೆ ಬೇಡದ ನೀರಿನ ಫಿಲ್ಟರ್ ಮಾರಿದಾಗ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: “ಅತ್ತೆ, ಇನ್ನೊಂದ್ಸಲ ಹೀಗಾದ್ರೆ ಫೋನು, ಬ್ಯಾಂಕು ಎಲ್ಲ ನಾನು ನೋಡ್ಕೋತೀನಿ. ಈ ಮನೆ ಬಾಡಿಗೆಗೆ ಕೊಟ್ಟು ನೀವು ನಮ್ಮನೇಲಿರಿ.” ತನ್ನ ಸಂಬಳದಲ್ಲಿ ತಾನೇ ಕೊಂಡ ಎರಡು ಕೋಣೆಯ ಮನೆ, ತನ್ನದೇ ಬೀಗದಕೈ. ಅದು ಹೋದರೆ ಅಕ್ಕ ಅಕ್ಕನಾಗಿ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಈ ಕೆಲಸ ಮೋಸವಾಗಿದ್ದರೆ ಅವಳ ಮನೆ ಬಿಡಿಸಿದವಳು ನಾನೇ ಆಗುತ್ತಿದ್ದೆ.

ಕೊನೆಗೆ ವಿಷಯ ಹೇಳಿದೆ.

“ಓದಿದಂಗಿದೆಯಂತಾ?” ಅಕ್ಕ ಫೋನಿನಲ್ಲೇ ಎದ್ದು ನಿಂತದ್ದು ನನಗೆ ಕೇಳಿಸಿತು. “ನಾವು ಎಲ್ಲೇ ಓದಿದ್ವಿ? ನನಗೆ ಕನ್ನಡಕ ಹಾಕ್ಕೊಳ್ಳೋಕೂ ಪುರಸೊತ್ತಿರ್ಲಿಲ್ಲ!”

“ನಾನು ಪ್ರಯೋಗಾಲಯದ ಮೇಡಂನ ಕೇಳ್ದೆ ಅಕ್ಕ. ನಾವು ಒಬ್ಬರು ಮುಗಿಸೋವರೆಗೂ ಇನ್ನೊಬ್ಬರು ಬಾಯೇ ಬಿಡಲ್ವಂತೆ. ಮಧ್ಯೆ ಹ್ಞೂಂ ಇಲ್ಲ, ಹೌದಾ ಇಲ್ಲ. ಸ್ನೇಹಿತರು ಹಾಗೆ ಮಾತಾಡಲ್ಲ ಅಂತಾರೆ. ಕೆಲವರು ಬರ್ಕೊಂಡು ಓದಿ ಮೋಸ ಮಾಡ್ತಾರಂತೆ, ಅದಕ್ಕೇ ಅನುಮಾನ.”

“ನಮ್ಮ ಮೇಲೆ ಅನುಮಾನ! ಜೀವಮಾನ ಪೂರ್ತಿ ಲೈನ್ ಮೇಲೆ ಕೂತೋರಿಗೆ ಮಾತಾಡೋಕ್ ಬರಲ್ಲ ಅಂತ ಹೇಳೋಕೆ ಯಾರವಳು?”

ನಾನು ಮತ್ತೆ ಆ ರೆಕಾರ್ಡಿಂಗ್ ಕೇಳಿದೆ. ಮೇಡಂ ಹೇಳಿದ್ದು ನಿಜವಾಗಿತ್ತು. ಅಕ್ಕ ಮಾತು ಮುಗಿಸುತ್ತಾಳೆ, ಸಣ್ಣ ಮೌನ, ನಾನು ಶುರು ಮಾಡುತ್ತೇನೆ, ಮತ್ತೆ ಅಷ್ಟೇ ಅಳತೆಯ ಮೌನ. ಕೇಳುತ್ತಾ ಕೇಳುತ್ತಾ ನಗು ಬಂತು. ಅದು ನಮ್ಮ ಹಾಲ್‌ನ ಮೌನ. ಉದ್ದನೆಯ ಬೋರ್ಡಿನ ಮುಂದೆ ಎತ್ತರದ ಕುರ್ಚಿಗಳಲ್ಲಿ ಸಾಲಾಗಿ ಕೂತ ನಾವು. ಬೋರ್ಡಿನಲ್ಲಿ ಪುಟ್ಟ ದೀಪ ಹತ್ತಿದ ಕೂಡಲೇ ಹಗ್ಗದಂಥ ವೈರನ್ನು ಎತ್ತಿ ತೂತಿಗೆ ಚುಚ್ಚಿ ‘ನಂಬರ್ ಪ್ಲೀಸ್’ ಅನ್ನಬೇಕು. ಅವರು ಹೇಳಿದ ನಂಬರನ್ನು ಒಂದೊಂದೇ ಅಂಕಿಯಾಗಿ ತಿರುಗಿ ಹೇಳಬೇಕು. ಮಾತಿನ ಮೇಲೆ ಮಾತು ಬಿದ್ದರೆ ಆಚೆಯವರಿಗೆ ಎರಡೂ ಕೇಳದು, ಹಾಗಾಗಿ ಕಾಯಬೇಕು. ಹಿಂದೆ ಸೂಪರ್‌ವೈಸರ್ ಮೆತ್ತಗಿನ ಚಪ್ಪಲಿಯಲ್ಲಿ ಓಡಾಡುತ್ತಿದ್ದರು. ಅವರನ್ನು ನಾವು ಗುಟ್ಟಾಗಿ ಬೆಕ್ಕಮ್ಮ ಅನ್ನುತ್ತಿದ್ದೆವು. ಹಾಗೆ ಕಾಯುವುದು ಊಟದ ಬಿಡುವಿನಲ್ಲೂ ನಮ್ಮ ಮೈಗೆ ಅಂಟಿಕೊಂಡಿತ್ತು. ಹೊರಗಿನವರಿಗೆ ನಾವು ಜಗಳವಾಡಿದವರಂತೆ ಕಾಣುತ್ತಿದ್ದೆವೇನೋ.

ಇದಾದ ಮೇಲೆ ಕೆಲವು ದಿನ ಅಕ್ಕ ನನ್ನ ಜೊತೆ ರೆಕಾರ್ಡಿಂಗಿಗೆ ಕೂರಲಿಲ್ಲ. ಸಂತೆಗೆ ಹೋದಾಗ ಸಿಕ್ಕವಳು ಮುಖ ಅರಳಿಸಿಕೊಂಡು ಹೇಳಿದಳು: “ನಿನ್ನ ಪ್ರಯೋಗಾಲಯ ನಿನಗೇ ಇರ್ಲಿ. ನನಗೆ ಬೇರೆ ಕಡೆ ಸಿಕ್ತು. ಮೆಸೇಜ್ ಅವರೇ ಕಳಿಸಿದ್ರು. ನಿಮ್ಮಂಥ ಸ್ಪಷ್ಟ ಉಚ್ಚಾರಣೆ ಹುಡುಕ್ತಾ ಇದ್ವಿ ಮೇಡಂ ಅಂದ್ರು. ಇವತ್ತಿನವರೆಗೂ ಒಂದೂ ವಾಪಸ್ ಕಳಿಸಿಲ್ಲ, ಗೊತ್ತಾ?”

“ಏನ್ ಓದಿಸ್ತಾರೆ?”

“ನಂಬರು! ಒಂದೊಂದೇ ಅಂಕಿ. ನನಗಿಂತ ಚೆನ್ನಾಗಿ ಯಾರೇ ಓದ್ತಾರೆ?”

“ದುಡ್ಡು ಕಟ್ಟಿ ಅಂದ್ರಾ? ಸೇರೋಕೆ, ತರಬೇತಿಗೆ?”

“ಒಂದು ಕಾಸೂ ಕೇಳಿಲ್ಲ. ಅಷ್ಟು ದಡ್ಡಿ ಅಲ್ಲ ಕಣೇ ನಾನು.”

ಮೋಸಗಾರರು ಮೊದಲು ಶುಲ್ಕ ಕೇಳುತ್ತಾರೆ ಎಂದೇ ಎಲ್ಲ ಕಡೆ ಓದಿದ್ದೆ, ಇವರು ಕೇಳಿಲ್ಲ. ಅಂಕಿಗಳನ್ನು ಓದಿಸುವುದೂ ಹೊಸದಲ್ಲ. ನಮ್ಮ ಪ್ರಯೋಗಾಲಯದ ಆರಂಭದ ದನಿ ಪರೀಕ್ಷೆಯಲ್ಲೂ ಪರದೆಯ ಮೇಲೆ ಬಂದ ಅಂಕಿಗಳನ್ನು ಓದಿಸಿದ್ದರು. ತಿರಸ್ಕಾರವೇ ಇಲ್ಲದ ಕೆಲಸ, ಕೇಳದೆಯೇ ಬಂದ ಹೊಗಳಿಕೆ, ಇವೆರಡು ಮಾತ್ರ ಕಿವಿಗೆ ಸರಿಯೆನಿಸಲಿಲ್ಲ. ಆದರೆ ನನ್ನದು ಅನುಮಾನವೋ, ಅವಳು ನನ್ನ ಬಿಟ್ಟು ಹೋದಳೆಂಬ ಹೊಟ್ಟೆಯುರಿಯೋ, ನನಗೇ ಗೊತ್ತಾಗಲಿಲ್ಲ. “ಬ್ಯಾಂಕಿನ ವಿಷಯ ಏನೂ ಕೊಡಬೇಡ ಅಕ್ಕ” ಎಂದಷ್ಟೇ ಹೇಳಿದೆ.

“ಮತ್ತೆ ದುಡ್ಡು ಎಲ್ಲಿಗೆ ಹಾಕ್ತಾರೆ, ಗಾಳಿಗಾ?” ಎಂದು ನಕ್ಕು, ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಹೋದಳು.

ಆ ಉತ್ತರ ಮನೆಗೆ ಬಂದ ಮೇಲೂ ತಲೆಯಲ್ಲಿ ಕೊರೆಯುತ್ತಿತ್ತು. ಅವಳ ಜೊತೆ ಹೇಗಾದರೂ ಮಾತು ಮುಂದುವರಿಸಬೇಕಿತ್ತು. ಹಾಗಾಗಿ ಇನ್ನೊಂದೇ ಒಂದು ಸಲ ರೆಕಾರ್ಡ್ ಮಾಡೋಣ ಎಂದು ಗೋಗರೆದೆ. “ನಿನಗಾಗಿ ಕಣೇ, ಆ ಪ್ರಯೋಗಾಲಯಕ್ಕಾಗಿ ಅಲ್ಲ” ಎಂದು ಒಪ್ಪಿದಳು.

ಮರುದಿನ ಊಟಕ್ಕೆ ಮುಂಚೆ ಕೂತೆವು. ನಾನು ನನ್ನ ಮನೆಯ ಮಲಗುವ ಕೋಣೆಯಲ್ಲಿ, ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ. ಅಕ್ಕ ಅವಳ ಹಾಲ್‌ನಲ್ಲಿ. ವಿಷಯ: ನಿಮ್ಮ ಮೊದಲ ಕೆಲಸ. ಅಕ್ಕ ಬೆಕ್ಕಮ್ಮನ ಕಥೆ ಶುರು ಮಾಡಿದ್ದಳು. ನಾನು ಮೇಡಂ ಹೇಳಿದಂತೆ ಮಧ್ಯೆ ಮಧ್ಯೆ ಹ್ಞೂಂಗುಟ್ಟಿದೆ.

“ಯಾಕೇ ಹಾಗೆ ಮುಲುಕ್ತಿದ್ದೀಯ? ಹಲ್ಲು ನೋವಾ?” ಎಂದಳು.

ಅಷ್ಟರಲ್ಲಿ ಅವಳ ಮನೆಯ ಹಳೆಯ ಲ್ಯಾಂಡ್‌ಲೈನ್ ಹೊಡೆದುಕೊಂಡಿತು. “ಒಂದ್ನಿಮಿಷ, ಲೈನ್‌ನಲ್ಲಿರು” ಎಂದು ಅಕ್ಕ ಅತ್ತ ತಿರುಗಿದಳು. ಎರಡು ಲೈನ್ ಸಂಭಾಳಿಸುವುದು ಅವಳಿಗೆ ಎಡಗೈ ಕೆಲಸ.

ನಾನು ಕಾದೆ. ಅವಳ ಕಡೆಯ ಮಾತಷ್ಟೇ ನನಗೆ ಕೇಳುತ್ತಿತ್ತು.

“ಹೌದು ಸರ್, ಹೇಳಿ... ಲೈವ್ ಪರೀಕ್ಷೆನಾ? ಮಾಡೋಣ... ಮೊಬೈಲ್ ಕೈಯಲ್ಲೇ ಇದೆ... ಹ್ಞಾಂ, ಈಗ ಬಂತು ನೋಡಿ, ಪರದೆ ಮೇಲೆ ಬಂತು. ನಿಧಾನವಾಗಿ ಓದಲಾ?”

ಪ್ರಯೋಗಾಲಯ ಓದಿಸುವ ಅಂಕಿ ಅವರ ಆ್ಯಪ್‌ನೊಳಗೇ ಇರುತ್ತದೆ, ಯಾರಾದರೂ ಓದಬಹುದಾದ ಬರೀ ಅಂಕಿ. ಅಕ್ಕನ ಮೊಬೈಲಿಗೆ, ಅವಳೊಬ್ಬಳಿಗೇ, ಈಗಷ್ಟೇ ಬಂದ ಅಂಕಿ ಎಂದರೆ ಅದು ಬ್ಯಾಂಕಿನದು. ಇಷ್ಟು ದಿನ ಓದಿಸಿದ್ದೆಲ್ಲ ಈ ಒಂದು ನಂಬರಿಗೆ ನಾಲಿಗೆ ರೂಢಿಯಾಗಲಿ ಎಂದು.

“ಅಕ್ಕಾ, ಓದಬೇಡ!”

“ಏಳು...” ಎಂದಳು ಅಕ್ಕ, ಲ್ಯಾಂಡ್‌ಲೈನಿಗೆ. ಸ್ವಚ್ಛವಾದ, ದುಂಡಗಿನ ದನಿ.

“ಅಕ್ಕಾ! ಅದು ಮೋಸ! ಇಡು ಫೋನು!”

“ಎರಡು...”

ನನ್ನ ದನಿ ಅವಳ ಕೈಯಲ್ಲಿದ್ದ ಮೊಬೈಲಿನಿಂದ ಹೊರಡುತ್ತಲೇ ಇತ್ತು. ಆದರೆ ಒಂದು ಲೈನಿನಲ್ಲಿ ನಂಬರ್ ಹೇಳುವಾಗ ಮಿಕ್ಕ ದನಿಗಳನ್ನೆಲ್ಲ ಕಿವಿಯಾಚೆ ಇಡುವುದನ್ನು ಅವಳೇ ನನಗೆ ಕಲಿಸಿದ್ದಳು. ಪಕ್ಕದ ಕುರ್ಚಿಯವಳು ಮೂರ್ಛೆ ಹೋದರೂ ನಂಬರ್ ಮುಗಿಸಿಯೇ ತಿರುಗುತ್ತಿದ್ದವಳು ಅವಳು. ನಾನು ಎಷ್ಟು ಕಿರುಚಿದರೂ ಅದು ಹಾಲ್‌ನ ಗದ್ದಲವಷ್ಟೇ.

“ಒಂಬತ್ತು...”

ಎಲ್ಲಿಂದ ಬಂತೋ ನನಗೆ ತಿಳಿಯದು. ಯಾರದೋ ಮನೆ ಹೊತ್ತಿ ಉರಿಯುತ್ತಿದ್ದರೆ, ಯಾರದೋ ಹೆರಿಗೆಗೆ ವೈದ್ಯರು ಬೇಕಿದ್ದರೆ, ಬೆಕ್ಕಮ್ಮ ಹಾಲ್‌ನ ತುದಿಯಿಂದ ಒಂದೇ ಒಂದು ಮಾತು ಹೇಳುತ್ತಿದ್ದರು. ಆಗ ಯಾರ ಕರೆಯಾದರೂ ಸರಿ, ಕೇಳದೆ, ಯೋಚಿಸದೆ, ವೈರ್ ಎಳೆದು ಲೈನ್ ಬಿಟ್ಟುಕೊಡಬೇಕು. ನಾನು ಕೂಗುವುದನ್ನು ನಿಲ್ಲಿಸಿದೆ. ಉಸಿರೆಳೆದುಕೊಂಡು, ತಗ್ಗಿದ ದನಿಯಲ್ಲಿ, ಅವರ ಹಾಗೆಯೇ ಹೇಳಿದೆ:

“ಟ್ರಂಕ್ ಬೋರ್ಡ್, ತುರ್ತು ಕರೆ. ಲೈನ್ ಬಿಡಿ.”

ರಿಸೀವರ್ ಠಕ್ಕನೆ ಕೂತ ಸದ್ದು ಕೇಳಿಸಿತು.

ನಂತರ ಅಕ್ಕನ ದನಿ, ಅರ್ಧ ನಿದ್ದೆಯಿಂದ ಎದ್ದವಳಂತೆ: “ಏನೇ ಇದು? ನನ್ನ ಕೈ ತಾನೇ ಇಟ್ಟುಬಿಡ್ತು.”

“ಇಟ್ಟಿದ್ದೇ ಒಳ್ಳೇದಾಯ್ತು, ಆ ಮೆಸೇಜ್ ತೆಗೆದು ಪೂರ್ತಿ...”

“ಒಳ್ಳೇದಾಯ್ತಾ? ಪಾಪ ಆ ಸರ್ ಮಾತಾಡ್ತಿದ್ರು, ನಡೀತಿರೋ ಲೈನ್ ಕತ್ತರಿಸೋಕೆ ನೀನು ಯಾರೇ...”

“ಪೂರ್ತಿ ಓದು ಅಂದ್ನಲ್ಲ! ಬರೀ ನಂಬರಲ್ಲ, ಕೆಳಗಿನ ಸಾಲು...”

“ನಿನಗೆ ಹೊಟ್ಟೆಕಿಚ್ಚು! ನಿಂದು ವಾಪಸ್ ಬಂತು, ನಂದು...”

“ಹೌದು, ಹೊಟ್ಟೆಕಿಚ್ಚೇ, ಓದೇ ಮಾರಾಯ್ತಿ, ಓದು!”

ಅವಳನ್ನು ‘ಓದೇ’ ಎಂದು ಗದರಿದ್ದು ಅದೇ ಮೊದಲು. ಕನ್ನಡಕದ ಡಬ್ಬಿ ತೆರೆದ ಸದ್ದು ಬಂತು. ಪರದೆಯ ಮೇಲಿನ ಪಟ್ಟಿಯಲ್ಲಿ ಮೊದಲ ಸಾಲಷ್ಟೇ ಕಂಡಿತ್ತು. ಈಗ ಸಂದೇಶವನ್ನು ಬಿಡಿಸಿ ಓದಿದಳು. ಅವಳ ಕಾರ್ಡಿನಿಂದ ದುಡ್ಡು ತೆಗೆಯಲು ಕೊಡುವ ಗುಪ್ತ ಸಂಖ್ಯೆ. ಯಾರಿಗೂ ಹೇಳಬೇಡಿ. ಬ್ಯಾಂಕಿನವರೂ ಕೇಳುವುದಿಲ್ಲ.

“ಕಾರ್ಡಿನ ಫೋಟೋ ತಗೊಂಡಿದ್ರು” ಎಂದಳು. “ಸಂಭಾವನೆ ಹಾಕೋಕೆ ಅಂತ. ಎರಡೂ ಕಡೆದು.”

ಲ್ಯಾಂಡ್‌ಲೈನ್ ಮತ್ತೆ ಹೊಡೆಯಿತು. ಅದು ಹೊಡೆಯುತ್ತಿರುವಂತೆಯೇ, ಮೊಬೈಲಿನಲ್ಲಿ ಕಾರ್ಡಿನ ಹಿಂದೆ ಅಚ್ಚಾದ ಸಹಾಯವಾಣಿಗೆ ಕರೆ ಮಾಡಿ ಕಾರ್ಡ್ ನಿಲ್ಲಿಸು ಎಂದೆ. ಆ್ಯಪ್ ಮುಚ್ಚುವಾಗ ಈ ರೆಕಾರ್ಡಿಂಗ್ ಸಲ್ಲಿಸಲೇ, ಅಳಿಸಲೇ ಎಂದು ಕೇಳಿತು. ನಮ್ಮಿಬ್ಬರ ಬದುಕಿನಲ್ಲೇ ಅಷ್ಟು ಸಹಜವಾದ ಸಂಭಾಷಣೆ ಇನ್ನೊಂದಿರಲಿಕ್ಕಿಲ್ಲ. ಆದರೆ ಅದರಲ್ಲಿ ಅವಳ ಗುಟ್ಟಿನ ಅಂಕಿಗಳಿದ್ದವು, ಅವಳ ಅವಮಾನವಿತ್ತು. ಅಳಿಸಿದೆ.

ಮರುದಿನ ಇಬ್ಬರೂ ಬ್ಯಾಂಕಿಗೆ ಹೋಗಿ ಬಂದೆವು. ಖಾತೆಗೆ ಏನೂ ಆಗಿರಲಿಲ್ಲ. ಹೊಸ ಕಾರ್ಡಿಗೆ ಬರೆದುಕೊಟ್ಟು, ಸೈಬರ್ ಪೊಲೀಸರಿಗೂ ದೂರು ಕೊಟ್ಟೆವು. ಹಿಂತಿರುಗುವಾಗ ಅಕ್ಕ ಸೋಫಾ ಅಂಗಡಿಯ ಮುಂದೆ ನಿಂತಳು. ಗಾಜಿನಾಚೆ, ಟ್ರಂಕ್ ಬೋರ್ಡ್ ಇದ್ದ ಗೋಡೆಗೆ ಒರಗಿಸಿ ಒಂದು ನೀಲಿ ಸೋಫಾ ಇಟ್ಟಿದ್ದರು.

“ನಾನು ಅವನಿಗೆ ಹೇಳ್ಬಿಡ್ತೀನಿ” ಎಂದಳು.

“ಅಳಿಯನಿಗಾ? ಯಾಕಕ್ಕ? ಏನೂ ಹೋಗಿಲ್ವಲ್ಲ.”

“ಮುಚ್ಚಿಟ್ಟು ಆಮೇಲೆ ಗೊತ್ತಾದ್ರೆ ಬೀಗದಕೈ ಅವನ ಜೇಬಿಗೆ. ನಾನೇ ಹೇಳಿದ್ರೆ ಎದುರು ನಿಂತು ಮಾತಾಡ್ಬಹುದು.”

ಅಕ್ಕ ಫೋನ್ ಮಾಡಿದ್ದಕ್ಕೆ ಅಳಿಯ ಸಂಜೆ ಕಚೇರಿಯಿಂದ ನೇರ ಅವಳ ಮನೆಗೆ ಬಂದ. ಚಪ್ಪಲಿ ಬಿಡುವಾಗಲೇ ಮುಖ ಬಿಗಿದಿತ್ತು. ಅಕ್ಕ ಎಲ್ಲ ಹೇಳಿದಳು, ಫೋಟೋ ಕಳಿಸಿದ್ದನ್ನೂ. ಅವನು ಕೇಳಿ ಮುಗಿಸಿ, ನನ್ನ ಕಡೆ ತಿರುಗಿದ.

“ಆಂಟಿ, ಬೇಜಾರು ಮಾಡ್ಕೋಬೇಡಿ. ಅದು ಮೋಸ ಅಂದ್ಮೇಲೆ ನಿಮ್ದು ನಿಜ ಅಂತ ಹೇಗೆ ಹೇಳ್ತೀರಿ? ಇವತ್ತು ದನಿ ತಗೊಳ್ತಾರೆ, ನಾಳೆ ಅತ್ತೆ ದನೀಲೇ ನನಗೆ ಫೋನ್ ಬಂದ್ರೆ?”

ಪ್ರಶ್ನೆ ಸರಿಯಾಗಿತ್ತು. ನನ್ನನ್ನು ನಾನೇ ಎಷ್ಟೋ ಸಲ ಕೇಳಿಕೊಂಡದ್ದು.

“ಪೂರ್ತಿ ಖಾತ್ರಿ ನನಗೂ ಇಲ್ಲಪ್ಪ” ಎಂದೆ. “ದನಿ ಯಾರಿಗೂ ಮಾರಲ್ಲ, ಅದನ್ನ ನಕಲು ಮಾಡೋಕೆ ಬಳಸಲ್ಲ ಅಂತ ಬರೆದುಕೊಟ್ಟಿದಾರೆ. ಬರೆದಿದ್ದನ್ನ ಮುರಿಯೋರೂ ಇರ್ತಾರೆ. ಕಾರ್ಡ್ ಕೇಳಿಲ್ಲ, ಗುಪ್ತ ಸಂಖ್ಯೆ ಕೇಳಿಲ್ಲ. ಇವತ್ತೇ ಸೇರಿ, ಬೇಗ ಮಾಡಿ ಅಂತ ಅವಸರ ಮಾಡಿಲ್ಲ. ನಾನು ನೋಡಿದ್ದು ಇಷ್ಟೇ. ನೀವೇ ಒಂದ್ಸಲ ಕೇಳಿ ನೋಡಿ.”

“ನಂಬರ್ ಕೊಡಿ.”

“ನಾನು ಕೊಟ್ಟ ನಂಬರಿಗೆ ಮಾಡಬೇಡಿ. ವಿಶ್ವವಿದ್ಯಾಲಯದ್ದು ನೀವೇ ಹುಡುಕಿ.”

ಅವನು ಒಂದು ಕ್ಷಣ ನನ್ನನ್ನು ನೋಡಿದ. ಆಮೇಲೆ ತನ್ನ ಫೋನಿನಲ್ಲಿ ಹುಡುಕಿ, ಕಚೇರಿಗೆ ಮಾಡಿ, ಪ್ರಯೋಗಾಲಯಕ್ಕೆ ಜೋಡಿಸಿಕೊಂಡ. ಸ್ಪೀಕರ್ ಹಾಕಿದ. ಅದೇ ಮೇಡಂ, ಮನೆಗೆ ಹೊರಟು ನಿಂತವರ ದಣಿದ ದನಿ. ಹೌದು, ಇಂಥದ್ದೊಂದು ಸಂಗ್ರಹ ನಡೆಯುತ್ತಿದೆ ಎಂದರು. ಅವನು ಅಕ್ಕನ ಹೆಸರು ಹೇಳಿ ಕೇಳಿದ: “ಇವರು ನಿಮ್ಮಲ್ಲಿ ರೆಕಾರ್ಡಿಂಗ್ ಕೊಟ್ಟಿದಾರಾ?”

“ಕ್ಷಮಿಸಿ, ಯಾರು ಭಾಗವಹಿಸಿದಾರೆ ಅಂತ ಹೇಳೋ ಹಾಗಿಲ್ಲ.”

“ನಾನು ಅವರ ಮನೆಯವನೇ ಮೇಡಂ. ಅಳಿಯ.”

“ಯಾರಾದ್ರೂ ಅಷ್ಟೇ ಸರ್. ಅವರೇ ಫೋನ್ ಮಾಡಿದ್ರೆ ಅವರದ್ದೇನಿದೆ ಅಂತ ಹೇಳ್ತೀವಿ. ಅಳಿಸಿ ಅಂದ್ರೆ ಅಳಿಸ್ತೀವಿ. ನಿಮಗೆ ಹೇಳಕ್ಕಾಗಲ್ಲ.”

“ಸಣ್ಣ ವಿಷಯ ಮೇಡಂ, ಹೌದು ಅಥವಾ ಇಲ್ಲ ಅಂದ್ರೆ ಸಾಕು.”

“ಇಲ್ಲ ಸರ್.”

“ಇಲ್ಲ ಅಂದ್ರೆ ಕೊಟ್ಟಿಲ್ಲ ಅಂತಾನಾ?”

“ಇಲ್ಲ ಅಂದ್ರೆ ಹೇಳಲ್ಲ ಅಂತ” ಎಂದರು ಮೇಡಂ, ಮೃದುವಾಗಿಯೇ.

ಅಕ್ಕ ಕುರ್ಚಿಯಲ್ಲಿ ನೆಟ್ಟಗಾಗಿದ್ದಳು. ಅವಳ ಮುಖದಲ್ಲಿ ನಾನು ಬಹಳ ವರ್ಷಗಳಿಂದ ನೋಡಿರದ ಒಂದು ಬೆಳಕು. ಎಷ್ಟು ಗಂಡಂದಿರು, ಎಷ್ಟು ಅಪ್ಪಂದಿರು ಎಕ್ಸ್‌ಚೇಂಜಿನ ಕಿಟಕಿಗೆ ಬಂದು ಕೇಳಿರಲಿಲ್ಲ, ನನ್ನ ಹೆಂಡತಿ ಯಾರಿಗೆ ಫೋನ್ ಮಾಡಿದಳು, ನನ್ನ ಮಗಳಿಗೆ ಯಾವ ಊರಿಂದ ಕರೆ ಬಂತು ಎಂದು. ನಮಗೆ ಎಲ್ಲ ಗೊತ್ತಿರುತ್ತಿತ್ತು. ಬೈಗುಳ ತಿಂದಿದ್ದೇವೆ, ಬೇಡಿಕೊಂಡವರ ಕಣ್ಣೀರು ನೋಡಿದ್ದೇವೆ. ಒಬ್ಬರೂ ಬಾಯಿ ಬಿಟ್ಟವರಲ್ಲ.

ಅಳಿಯ ಫೋನ್ ಇಟ್ಟು, “ಏನು ಧಿಮಾಕು ನೋಡಿ” ಎಂದ.

“ಧಿಮಾಕಲ್ವೋ, ಅದು ಕೆಲಸ” ಎಂದಳು ಅಕ್ಕ. “ಕೇಳಿದ ತಕ್ಷಣ ಹೇಳಿದ್ದಿದ್ರೆ ನಾನೇ ಇವತ್ತು ಬಿಟ್ಟುಬಿಡ್ತಿದ್ದೆ. ಆ ಹುಡುಗಿ ಸರಿಯಾದವಳು. ಸುಮ್ಮನೆ ಹೊಗಳಲ್ಲ, ಸುಮ್ಮನೆ ಬಾಯೂ ಬಿಡಲ್ಲ.”

“ಮತ್ತೆ ನಿಮ್ಮ ಫೋನು, ಬ್ಯಾಂಕು?”

“ನನ್ನ ಹತ್ರಾನೇ. ಯಾರಾದ್ರೂ ಕಾರ್ಡು, ನಂಬರು ಅಂದ್ರೆ ಮೊದಲು ನಿಂಗೆ ಫೋನ್ ಮಾಡ್ತೀನಿ, ಆಮೇಲೆ ಅವರ ಹತ್ರ ಮಾತು. ಸಾಕಾ?”

ಅವನು ನನ್ನನ್ನು ನೋಡಿದ. ನಾನು ಕಾಫಿ ಮಾಡಲು ಎದ್ದೆ. ಅದು ಅವರಿಬ್ಬರ ಲೈನ್.

“ಆ ದನಿ ವಿಷಯ ಮಾತ್ರ...” ಎಂದ ಅವನು, ಮೆತ್ತಗಾಗಿ.

“ನನ್ನ ದನೀಲಿ ಯಾರಾದ್ರೂ ದುಡ್ಡು ಕೇಳಿದ್ರೆ ನಾನಲ್ಲ ಅಂತ ತಿಳ್ಕೋ. ನಾನು ಯಾವತ್ತಾದ್ರೂ ನಿನ್ನ ಹತ್ರ ಕೇಳಿದ್ದೀನಾ?”

ಅವನಿಗೆ ನಗು ತಡೆಯಲಾಗಲಿಲ್ಲ. ಕಾಫಿ ಕುಡಿದು, ಅಡುಗೆಮನೆಯ ಸೋರುವ ನಲ್ಲಿ ಬಿಗಿಮಾಡಿ ಹೋದ.

ಮುಂದಿನ ವಾರ ಅಕ್ಕನೇ ನನಗೆ ಕರೆ ಮಾಡಿದಳು, ಆ್ಯಪ್‌ನಿಂದಲೇ. ಮತ್ತೆ ಅದೇ ಮೊದಲ ಕೆಲಸದ ಕಥೆ. ಬೆಕ್ಕಮ್ಮ ಒಮ್ಮೆ ಕುರ್ಚಿಯಲ್ಲೇ ತೂಕಡಿಸಿ ಗೊರಕೆ ಹೊಡೆದದ್ದು, ಆ ಗೊರಕೆ ಯಾರದೋ ದೂರದ ಕರೆಯೊಳಗೆ ಸೇರಿಕೊಂಡದ್ದು.

“ಆ ಮನುಷ್ಯ ಕೇಳ್ತಾನೆ, ಮೇಡಂ, ನಿಮ್ಮ ಲೈನ್‌ನಲ್ಲಿ...”

“ಹುಲಿ ಇದೆಯಾ ಅಂತ! ಅಲ್ಲಕ್ಕ, ಅದು ನನ್ನ ಬೋರ್ಡಲ್ಲಿ, ನಿನ್ನದಲ್ಲ...”

“ಯಾವಳೇ ಹೇಳಿದ್ದು? ನೀನಿನ್ನೂ ಸೇರಿರ್ಲೇ...”

“ಸೇರಿದ್ದೆ! ನೀಲಿ ಸೀರೆ ಉಟ್ಟಿದ್ದೆ, ನೀನೇ ಅಂದೆ...”

“ನೀಲಿ ಅಲ್ಲ, ಹಸಿರು, ಸೆರಗಿಗೆ ಮಸಿ ಬಿದ್ದಿತ್ತು!”

ಸಮಯ ಮುಗಿಯಿತೆಂದು ಆ್ಯಪ್ ಹೇಳಿ, ರೆಕಾರ್ಡಿಂಗ್ ತಾನಾಗಿ ನಿಂತಿತು. ಸಲ್ಲಿಸುವ ಗುಂಡಿ ಒತ್ತಿದೆ. ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಅಕ್ಕ, ಅವಳ ಲ್ಯಾಂಡ್‌ಲೈನಿನಿಂದ.

“ಹಸಿರೇ ಕಣೇ” ಎಂದಳು.